‘ಪ್ರಯತ್ನಿಸುತ್ತೇನೆ’ ಎಂಬ ಮಾತನ್ನು ತಿದ್ದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆಯವರ ಪತ್ರ, ಮಿಂಚಂಚೆ, ವರದಿಗಳನ್ನು ತಿದ್ದಿಕೊಡುವವರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಎಲ್ಲವೂ ಒಂದೇ ಆತಂಕದಿಂದ ಹುಟ್ಟಿದವು: ಭಾಷೆ ಚೆನ್ನಾಗಬೇಕು, ಆದರೆ ಬರೆದವರು ಕೊಡದ ಮಾತನ್ನು ನಾವು ಅವರ ಹೆಸರಿನಲ್ಲಿ ಕೊಟ್ಟುಬಿಡಬಾರದು.

## ಮೊದಲು ತಿಳಿಯಬೇಕಾದವು

‘ಪ್ರಯತ್ನಿಸುತ್ತೇನೆ’ ಎಂದರೆ ವಾಕ್ಯ ಸೊರಗಿದಂತೆ ಕಾಣುತ್ತದೆ. ತೆಗೆದು ‘ಮಾಡುತ್ತೇನೆ’ ಎಂದು ಹಾಕಿದರೆ ತಪ್ಪೇನು?

ವಾಕ್ಯ ಗಟ್ಟಿಯಾಗುತ್ತದೆ, ನಿಜ. ಆದರೆ ಅದರ ಜೊತೆಗೆ ಹೊಣೆಯೂ ಬದಲಾಗುತ್ತದೆ. ‘ವರದಿ ಕಳುಹಿಸಲು ಪ್ರಯತ್ನಿಸುತ್ತೇನೆ’ ಎಂದವರು ಕೆಲಸಕ್ಕೆ ಕೈಹಾಕುವ ಮಾತನ್ನಷ್ಟೇ ಕೊಟ್ಟಿದ್ದಾರೆ. ‘ಕಳುಹಿಸುತ್ತೇನೆ’ ಎಂದವರು ವರದಿ ಕೈಸೇರುವ ಮಾತನ್ನೇ ಕೊಟ್ಟಿದ್ದಾರೆ. ಆ ದಿನ ವರದಿ ಬರದಿದ್ದರೆ ಮೊದಲನೆಯವರು ಕೊಟ್ಟ ಮಾತು ಉಳಿದಿರುತ್ತದೆ, ಎರಡನೆಯವರು ಮಾತಿಗೆ ತಪ್ಪಿದವರಾಗುತ್ತಾರೆ. ತಿದ್ದಿದವರ ಹೆಸರು ಪತ್ರದಲ್ಲಿ ಎಲ್ಲಿಯೂ ಇರುವುದಿಲ್ಲ. ಉತ್ತರ ಕೊಡಬೇಕಾದವರು ಸಹಿ ಹಾಕಿದವರು. ಕಾಗುಣಿತ, ಪದಜೋಡಣೆ, ವಾಕ್ಯದ ಉದ್ದ ಇವೆಲ್ಲ ತಿದ್ದುವವರ ಅಧಿಕಾರಕ್ಕೆ ಸೇರಿದವು. ಭರವಸೆಯ ಪ್ರಮಾಣ ಸೇರಿಲ್ಲ. ಅದನ್ನು ಏರಿಸಬೇಕೆಂದರೂ ಇಳಿಸಬೇಕೆಂದರೂ ಬರೆದವರ ಒಪ್ಪಿಗೆ ಬೇಕು.

ಹಾಗಾದರೆ ಅಂಥ ವಾಕ್ಯವನ್ನು ಮುಟ್ಟಲೇಬಾರದೇ?

ಮುಟ್ಟಬೇಕು. ಹಾಗೆಯೇ ಬಿಟ್ಟರೆ ಓದುವವರಿಗೆ ಅನ್ಯಾಯವಾಗುತ್ತದೆ, ಏಕೆಂದರೆ ‘ಪ್ರಯತ್ನಿಸುತ್ತೇನೆ’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಪರಿಸ್ಥಿತಿಗಳು ಅಡಗಿರುತ್ತವೆ. ಕೆಲಸದ ಒಂದು ಭಾಗ ಬೇರೆಯವರ ಕೈಯಲ್ಲಿದೆ ಎಂಬುದು ಒಂದು. ಎಲ್ಲವೂ ನನ್ನ ಕೈಯಲ್ಲೇ ಇದೆ, ಆದರೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಿಲ್ಲ ಎಂಬುದು ಇನ್ನೊಂದು. ಮೂರನೆಯದು ಬರೀ ವಿನಯ: ಖಂಡಿತ ಮಾಡುವವರೂ ‘ಮಾಡುತ್ತೇನೆ’ ಎಂದರೆ ದರ್ಪವೆನಿಸೀತೆಂದು ‘ಪ್ರಯತ್ನಿಸುತ್ತೇನೆ’ ಎಂದು ಬರೆಯುತ್ತಾರೆ. ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು. ‘ಆಗುವುದಿಲ್ಲ’ ಎಂದು ಹೇಳಲು ದಾಕ್ಷಿಣ್ಯವಾಗಿ ‘ಪ್ರಯತ್ನಿಸುತ್ತೇನೆ, ನೋಡೋಣ’ ಎಂದು ಬರೆದಿರುತ್ತಾರೆ. ಇದನ್ನು ತಿದ್ದಿ ‘ಮಾಡುತ್ತೇನೆ’ ಎಂದರೆ ‘ಇಲ್ಲ’ ಎಂಬುದೇ ‘ಹೌದು’ ಆಗಿಬಿಡುತ್ತದೆ.

ಹೀಗೆ ನಾಲ್ಕರಲ್ಲಿ ಮೂರು ಸಂದರ್ಭಗಳಲ್ಲಿ ‘ಮಾಡುತ್ತೇನೆ’ ಎಂಬುದು ಸುಳ್ಳು. ವಿನಯದ ಸಂದರ್ಭದಲ್ಲಿ ಮಾತ್ರ ನಿಜ. ಯಾವುದು ಯಾವುದೆಂದು ವಾಕ್ಯವನ್ನು ನೋಡಿ ಹೇಳಲಾಗದು, ಕೇಳಿಯೇ ತಿಳಿಯಬೇಕು.

ಬರೆದವರನ್ನು ಏನೆಂದು ಕೇಳಬೇಕು? ‘ಖಚಿತವೇ?’ ಎಂದು ಕೇಳಿದರೆ ಎಲ್ಲರೂ ‘ಹೌದು’ ಎನ್ನುತ್ತಾರೆ.

‘ಖಚಿತವೇ?’ ಎಂದು ಕೇಳುವುದನ್ನು ಬಿಡಿ. ಅದು ಅವರ ಆತ್ಮವಿಶ್ವಾಸವನ್ನು ಪರೀಕ್ಷಿಸಿದಂತೆ ಕೇಳಿಸುತ್ತದೆ. ‘ಒಂದು ವೇಳೆ ಇದು ಆಗದೇ ಹೋದರೆ ಯಾವ ಕಾರಣಕ್ಕೆ ಆಗದೇ ಹೋಗಬಹುದು?’ ಎಂದು ಕೇಳಿ. ಕೆಲಸ ಬಲ್ಲವರು ಈ ಪ್ರಶ್ನೆಗೆ ತಡವರಿಸುವುದಿಲ್ಲ: ‘ಅಂಕಿಅಂಶ ಇನ್ನೂ ಬಂದಿಲ್ಲ’, ‘ಯಂತ್ರವನ್ನು ಬಿಚ್ಚಿ ನೋಡಿದರೆ ಗೊತ್ತು’, ‘ಮುಖ್ಯಸ್ಥರ ಸಹಿ ಬೇಕು’ ಎಂದು ನಿರ್ದಿಷ್ಟವಾಗಿ ಹೇಳುತ್ತಾರೆ. ಆ ಉತ್ತರವೇ ನೀವು ಬರೆಯಬೇಕಾದ ವಾಕ್ಯದ ಷರತ್ತು. ‘ಆಗದೇ ಹೋಗುವಂಥದ್ದೇನೂ ಇಲ್ಲ’ ಎಂಬ ಉತ್ತರ ಬಂದರೆ ಅದು ವಿನಯದ ಪ್ರಯತ್ನ. ಅವರ ಒಪ್ಪಿಗೆ ಪಡೆದು ‘ಮಾಡುತ್ತೇನೆ’ ಎಂದು ಬರೆಯಬಹುದು.

ಇದರ ಹಿಂದೆಯೇ ಇನ್ನೊಂದು ಪ್ರಶ್ನೆ: ‘ಆಗುವುದಿಲ್ಲವೆಂದು ನಿಮಗೆ ಯಾವಾಗ ಗೊತ್ತಾಗುತ್ತದೆ?’ ಇದರ ಉತ್ತರದ ಬೆಲೆ ಕೆಳಗಿನ ಉದಾಹರಣೆಯಲ್ಲಿ ತಿಳಿಯುತ್ತದೆ.

## ತಿದ್ದುವ ಕೆಲಸ

ಒಂದು ಪತ್ರವನ್ನೇ ಹಿಡಿದು ಮೊದಲಿನಿಂದ ಕೊನೆಯವರೆಗೆ ತಿದ್ದಿ ತೋರಿಸಬಹುದೇ?

ಯಂತ್ರವೊಂದರ ಕೈಪಿಡಿಯನ್ನು ಸಿದ್ಧಪಡಿಸುತ್ತಿರುವವರು ಗ್ರಾಹಕರಿಗೆ ಬರೆದ ಕರಡು ಇದು ಎಂದುಕೊಳ್ಳಿ:

> ನಮಸ್ಕಾರ. ಕೈಪಿಡಿಯ ಕೆಲಸ ನಡೆಯುತ್ತಿದೆ. ಶುಕ್ರವಾರದ ಹೊತ್ತಿಗೆ ಕಳುಹಿಸಲು ಪ್ರಯತ್ನಿಸುತ್ತೇನೆ, ಚಿತ್ರಗಳು ಇನ್ನೂ ಬಂದಿಲ್ಲ, ನೋಡೋಣ. 6ನೇ ಅಧ್ಯಾಯದಲ್ಲಿ ಸ್ವಲ್ಪ ತೊಂದರೆ ಇದೆ, ಅದನ್ನೂ ನೋಡುತ್ತೇನೆ.

ಭಾಷೆಯನ್ನಷ್ಟೇ ನೋಡುವವರು ಇದನ್ನು ಹೀಗೆ ತಿದ್ದುತ್ತಾರೆ:

> ನಮಸ್ಕಾರ. ಕೈಪಿಡಿಯ ಕೆಲಸ ಭರದಿಂದ ಸಾಗಿದೆ. ಚಿತ್ರಗಳು ಬಂದ ಕೂಡಲೇ ಅವನ್ನು ಸೇರಿಸಿ, ಪೂರ್ಣ ಪ್ರತಿಯನ್ನು ಶುಕ್ರವಾರ ತಮಗೆ ಕಳುಹಿಸಿಕೊಡುತ್ತೇವೆ. 6ನೇ ಅಧ್ಯಾಯದ ತೊಂದರೆಯನ್ನೂ ಪರಿಹರಿಸುತ್ತೇವೆ.

ಓದಲು ಸೊಗಸಾಗಿದೆ. ಆದರೆ ಕರಡಿನಲ್ಲಿ ಇಲ್ಲದ ಎಷ್ಟೊಂದು ಮಾತುಗಳು ಇಲ್ಲಿ ಸೇರಿಕೊಂಡಿವೆ ನೋಡಿ. ‘ಪ್ರಯತ್ನಿಸುತ್ತೇನೆ’ ಮಾಯವಾಗಿದೆ. ‘ಶುಕ್ರವಾರದ ಹೊತ್ತಿಗೆ’ ಎಂಬುದರ ಸಡಿಲ ಹೋಗಿ ‘ಶುಕ್ರವಾರ’ ಗಡುವಾಗಿದೆ. ‘ಪೂರ್ಣ’ ಎಂಬುದು ಹೊಸದಾಗಿ ಬಂದಿದೆ. ‘ನೋಡುತ್ತೇನೆ’ ಎಂಬುದು ‘ಪರಿಹರಿಸುತ್ತೇವೆ’ ಆಗಿದೆ. ನೋಡಿದ ಮೇಲೆ ಪರಿಹಾರವೇ ಇಲ್ಲವೆಂದು ತಿಳಿಯಬಹುದು ಎಂಬ ಸಾಧ್ಯತೆ ಅಳಿಸಿಹೋಗಿದೆ. ಒಬ್ಬರ ಮಾತು ‘ನಾವು’ ಆಗಿ ಇಡೀ ತಂಡವನ್ನು ಕಟ್ಟಿಹಾಕಿದೆ.

ಈಗ ಮೇಲಿನ ಎರಡು ಪ್ರಶ್ನೆಗಳನ್ನು ಕೇಳೋಣ. ಬರೆದವರ ಉತ್ತರ ಹೀಗಿರುತ್ತದೆ: 6ನೇ ಅಧ್ಯಾಯ ಬಿಟ್ಟು ಉಳಿದ ಪಠ್ಯ ಬುಧವಾರಕ್ಕೆ ಮುಗಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. 14 ಚಿತ್ರಗಳು ಚಿತ್ರಕಾರರಿಂದ ಬರಬೇಕು. ಗುರುವಾರ ಬೆಳಿಗ್ಗೆ ಕೊಡುವುದಾಗಿ ಹೇಳಿದ್ದಾರೆ, ಹಿಂದೊಮ್ಮೆ ತಡ ಮಾಡಿದ್ದಾರೆ. ಬಂದ ಮೇಲೆ ಸೇರಿಸಲು ಒಂದು ದಿನ ಬೇಕು. 6ನೇ ಅಧ್ಯಾಯದ ಕೋಷ್ಟಕದಲ್ಲಿರುವ ಅಳತೆಗಳಿಗೂ 2ನೇ ಅಧ್ಯಾಯದ ಅಳತೆಗಳಿಗೂ ತಾಳೆಯಾಗುತ್ತಿಲ್ಲ. ಯಾವುದು ಸರಿ ಎಂದು ಗ್ರಾಹಕರ ಎಂಜಿನಿಯರೇ ಹೇಳಬೇಕು.

ಒಂದು ‘ಪ್ರಯತ್ನಿಸುತ್ತೇನೆ’ಯೊಳಗೆ ಮೂರು ಬೇರೆ ಬೇರೆ ಭರವಸೆಗಳಿದ್ದವು ಎಂಬುದು ಈಗ ತಿಳಿಯಿತು. ಅವನ್ನು ಬಿಡಿಸಿ ಬರೆದರೆ:

> ನಮಸ್ಕಾರ. 6ನೇ ಅಧ್ಯಾಯವನ್ನು ಬಿಟ್ಟು ಉಳಿದ ಪಠ್ಯವನ್ನು ಶುಕ್ರವಾರ ಸಂಜೆಯೊಳಗೆ ಕಳುಹಿಸುತ್ತೇನೆ. 14 ಚಿತ್ರಗಳು ಚಿತ್ರಕಾರರಿಂದ ಬರಬೇಕಾಗಿವೆ. ಗುರುವಾರ ಬೆಳಿಗ್ಗೆಯೊಳಗೆ ಅವು ನನ್ನ ಕೈಸೇರಿದರೆ ಶುಕ್ರವಾರ ಚಿತ್ರಗಳಿರುವ ಪ್ರತಿಯನ್ನೇ ಕಳುಹಿಸಬಹುದು. ಸೇರದಿದ್ದರೆ ಗುರುವಾರ ಸಂಜೆಯೇ ತಮಗೆ ತಿಳಿಸುತ್ತೇನೆ. 6ನೇ ಅಧ್ಯಾಯದ ಕೋಷ್ಟಕದ ಅಳತೆಗಳು 2ನೇ ಅಧ್ಯಾಯದ ಅಳತೆಗಳೊಂದಿಗೆ ತಾಳೆಯಾಗುತ್ತಿಲ್ಲ. ಯಾವುದು ಸರಿ ಎಂದು ತಮ್ಮ ಎಂಜಿನಿಯರ್ ತಿಳಿಸಿದ ಮೇಲೆ ಆ ಅಧ್ಯಾಯ ಯಾವಾಗ ಸಿದ್ಧವಾಗುತ್ತದೆಂದು ಹೇಳುತ್ತೇನೆ.

ಇದರಲ್ಲಿ ‘ಪ್ರಯತ್ನ’ ಎಂಬ ಪದವೇ ಇಲ್ಲ. ಆದರೂ ಬರೆದವರು ಹೊರಲಾಗದ ಹೊಣೆ ಒಂದೂ ಇಲ್ಲ. ‘ಕಳುಹಿಸುತ್ತೇನೆ’ ಎಂದು ಗಟ್ಟಿಯಾಗಿ ಹೇಳಿರುವುದು ಅವರ ಕೈಯಲ್ಲಿರುವ ಭಾಗಕ್ಕೆ ಮಾತ್ರ, ಅದರಲ್ಲೂ ಎರಡು ದಿನಗಳ ಬಿಡುವು ಇಟ್ಟುಕೊಂಡು. ಕೈಯಲ್ಲಿಲ್ಲದ್ದಕ್ಕೆ ‘ಸೇರಿದರೆ’ ಎಂಬ ಷರತ್ತು ಇದೆ, ಅದು ಯಾರ ಮೇಲೆ ನಿಂತಿದೆ ಎಂಬುದೂ ಇದೆ. ಎಲ್ಲಕ್ಕಿಂತ ಉಪಯುಕ್ತವಾದ ವಾಕ್ಯ ‘ಗುರುವಾರ ಸಂಜೆಯೇ ತಮಗೆ ತಿಳಿಸುತ್ತೇನೆ’ ಎಂಬುದು. ಕೆಲಸ ಆಗುತ್ತದೆಂಬ ಮಾತು ಕೊಡಲಾಗದಿದ್ದರೂ, ಆಗುತ್ತದೋ ಇಲ್ಲವೋ ಎಂಬ ಸುದ್ದಿಯನ್ನು ಇಂಥ ದಿನ ಕೊಡುತ್ತೇನೆಂಬ ಮಾತನ್ನು ಬಹುಮಟ್ಟಿಗೆ ಯಾವಾಗಲೂ ಕೊಡಬಹುದು. ಕಾಯುವವರಿಗೆ ಬೇಕಾಗಿರುವುದೂ ಹೆಚ್ಚಾಗಿ ಅದೇ.

ಕಳುಹಿಸುವ ಮುನ್ನ ಈ ರೂಪವನ್ನು ಬರೆದವರಿಗೆ ತೋರಿಸಲೇಬೇಕು. ‘ಗುರುವಾರ ಸಂಜೆ ತಿಳಿಸುತ್ತೇನೆ’ ಎಂಬುದು ಕರಡಿನಲ್ಲಿ ಇರಲಿಲ್ಲ. ಅದೂ ಹೊಸ ಭರವಸೆಯೇ.

‘ಪ್ರಯತ್ನ’ ಎಂಬ ಪದವನ್ನು ಹಾಗೆಯೇ ಉಳಿಸಿದೆ. ಆದರೂ ಓದಿದವರು ಮಾತು ಕೊಟ್ಟಂತೆಯೇ ತಿಳಿದುಕೊಂಡರು. ಎಲ್ಲಿ ಜಾರಿತು?

ಕ್ರಿಯಾಪದದ ಮೇಲೆಯೇ ಕಣ್ಣಿಟ್ಟರೆ ಭರವಸೆ ಪಕ್ಕದ ಬಾಗಿಲಿನಿಂದ ಒಳಬರುತ್ತದೆ. ಕನ್ನಡದಲ್ಲಿ ಅತಿ ಸುಲಭವಾಗಿ ಜಾರುವ ಜಾಗ ‘ಬಂದರೆ’ ಮತ್ತು ‘ಬಂದ ಕೂಡಲೇ’ ಇವುಗಳ ನಡುವೆ ಇದೆ. ‘ಚಿತ್ರಗಳು ಬಂದರೆ ಸೇರಿಸುತ್ತೇನೆ’ ಎಂಬಲ್ಲಿ ಚಿತ್ರಗಳು ಬಾರದೇ ಇರಬಹುದು. ‘ಬಂದ ಕೂಡಲೇ ಸೇರಿಸುತ್ತೇನೆ’ ಎಂಬಲ್ಲಿ ಅವು ಬರುವುದು ನಿಶ್ಚಯ, ಯಾವಾಗ ಎಂಬುದಷ್ಟೇ ಬಾಕಿ. ಮೇಲಾಗಿ ಬಂದ ತಕ್ಷಣ ಕೈಯಲ್ಲಿರುವ ಬೇರೆ ಕೆಲಸ ಬಿಟ್ಟು ಸೇರಿಸುವ ಹೊಣೆಯೂ ಸೇರಿಕೊಂಡಿತು. ಎರಡನೆಯದು ಕಿವಿಗೆ ಇಂಪು, ಹಾಗಾಗಿ ತಿದ್ದುವ ಕೈ ತಾನಾಗಿ ಅತ್ತ ಹೋಗುತ್ತದೆ. ‘ಬಂದಾಗ’, ‘ಬಂದ ಮೇಲೆ’ ಇವುಗಳಲ್ಲೂ ಬರುವುದೆಂಬ ಊಹೆ ಇದೆ. ಮೇಲಿನ ಪತ್ರದಲ್ಲಿ ‘ಎಂಜಿನಿಯರ್ ತಿಳಿಸಿದ ಮೇಲೆ’ ಎಂದು ಬರೆದಿರುವುದಕ್ಕೆ ಕಾರಣವಿದೆ: ತಿಳಿಸಬೇಕಾದವರು ಓದುಗರ ಕಡೆಯವರೇ, ಅದಕ್ಕೆ ಯಾವ ದಿನವನ್ನೂ ಕಟ್ಟಿಲ್ಲ.

ಇನ್ನೊಂದು ಜಾಗ ಒತ್ತಿನ ‘ಏ’. ‘ಶುಕ್ರವಾರ’ ಎಂಬುದಕ್ಕೂ ‘ಶುಕ್ರವಾರವೇ’ ಎಂಬುದಕ್ಕೂ ನಡುವೆ ಒಂದು ಸ್ವರದ ಅಂತರ. ಆದರೆ ಎರಡನೆಯದನ್ನು ಓದಿದವರು ಶನಿವಾರವನ್ನು ಕ್ಷಮಿಸುವುದಿಲ್ಲ. ಪತ್ರದಲ್ಲಿ ‘ಗುರುವಾರ ಸಂಜೆಯೇ’ ಎಂದು ಅದನ್ನು ಬಳಸಿದ್ದು ಸುದ್ದಿ ಕೊಡುವುದಕ್ಕೆ, ಅದು ಬರೆದವರ ಕೈಯಲ್ಲಿದೆ.

ವಿಷಯದ ಸಾಲನ್ನೂ ನೋಡಿ. ಒಳಗೆ ಎಷ್ಟೇ ಎಚ್ಚರಿಕೆಯಿಂದ ಬರೆದಿದ್ದರೂ ಮೇಲೆ ‘ಶುಕ್ರವಾರ ಕೈಪಿಡಿ ಸಿದ್ಧ’ ಎಂದಿದ್ದರೆ ಮುಂದಿನವರಿಗೆ ರವಾನೆಯಾಗುವುದು ಆ ಸಾಲು.

‘ಮಾಡಿಯೇನು’, ‘ಕಳುಹಿಸಿಯೇನು’ ಎಂಬ ರೂಪಗಳು ಇದಕ್ಕೆಂದೇ ಇವೆಯಲ್ಲ, ಬಳಸಬಹುದೇ?

‘ಆಗಬಹುದು’ ಎಂಬ ಸಾಧ್ಯತೆಯನ್ನು ಸೂಚಿಸಲು ಕನ್ನಡದಲ್ಲಿ ಪ್ರತ್ಯೇಕ ಕ್ರಿಯಾರೂಪವೇ ಇರುವುದು ಸೊಗಸಾದ ಸಂಗತಿ. ಆದರೆ ವ್ಯವಹಾರದ ಪತ್ರಕ್ಕೆ ಅದು ಒಗ್ಗುವುದಿಲ್ಲ. ‘ಶುಕ್ರವಾರ ಕಳುಹಿಸಿಯೇನು’ ಎಂದರೆ ಇಂದಿನ ಓದುಗರಿಗೆ ‘ಮನಸ್ಸಿದ್ದರೆ ಕಳುಹಿಸುತ್ತೇನೆ’ ಎಂಬ ಉದಾಸೀನ ಕೇಳಿಸಬಹುದು. ‘ಚಿತ್ರಗಳು ತಡವಾದಾವು’ ಎಂಬಂತೆ ಮೂರನೆಯ ವಸ್ತುವಿನ ಬಗ್ಗೆ ಹೇಳುವಾಗ ಅಷ್ಟು ತೊಂದರೆಯಿಲ್ಲ.

‘ಪ್ರಯತ್ನಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆದರೆ ಯಾರ ಮೇಲೂ ಹೊರೆ ಬೀಳುವುದಿಲ್ಲವಲ್ಲ?

ಬರೆದವರಿಗೆ ಹಾಗೆನಿಸುತ್ತದೆ. ಓದುವವರು ಅದನ್ನು ಇಡೀ ಸಂಸ್ಥೆ ಕೊಟ್ಟ ಮಾತೆಂದು ತಿಳಿಯುತ್ತಾರೆ. ಕರ್ತೃ ಇಲ್ಲದ ವಾಕ್ಯದಿಂದ ಹೊಣೆ ಕಡಿಮೆಯಾಗುವುದಿಲ್ಲ, ಯಾರನ್ನು ಕೇಳಬೇಕೆಂಬುದು ಮಾತ್ರ ಮರೆಯಾಗುತ್ತದೆ.

## ಸ್ವಲ್ಪ ಕಠಿಣವಾದವು

‘ಬಹುಶಃ’, ‘ಸಾಧ್ಯತೆ ಹೆಚ್ಚಿದೆ’ ಎಂಬಂಥ ಪದಗಳನ್ನು ಎಚ್ಚರಿಕೆಯಿಂದ ಉಳಿಸಿಕೊಂಡರೆ ಸಾಲದೇ?

ಸಾಲದು, ಏಕೆಂದರೆ ಅವುಗಳ ತೂಕ ಒಬ್ಬೊಬ್ಬರಿಗೆ ಒಂದೊಂದು. ಇದಕ್ಕೆ ಅಮೆರಿಕದ ಗುಪ್ತಚರ ವಿಶ್ಲೇಷಕ ಶರ್ಮನ್ ಕೆಂಟ್ 1964ರಲ್ಲಿ ದಾಖಲಿಸಿದ ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನ ಸಿಗದು. 1951ರಲ್ಲಿ ಅವರ ತಂಡ ಯುಗೊಸ್ಲಾವಿಯಾದ ಮೇಲೆ ದಾಳಿಯಾಗುವುದನ್ನು ‘ಗಂಭೀರ ಸಾಧ್ಯತೆ’ ಎಂದು ಪರಿಗಣಿಸಬೇಕೆಂದು ವರದಿ ಬರೆದಿತ್ತು. ಹಾಗೆಂದರೆ ಎಷ್ಟು ಎಂದು ಒಬ್ಬ ಅಧಿಕಾರಿ ಕೇಳಿದಾಗ, ನೂರರಲ್ಲಿ 65ರಷ್ಟು ಎಂದು ಕೆಂಟ್ ಹೇಳಿದರು; ಕೇಳಿದವರು ಅದಕ್ಕಿಂತ ಬಹಳ ಕಡಿಮೆ ಎಂದು ತಿಳಿದಿದ್ದರು. ಆಮೇಲೆ ಕೆಂಟ್ ತಮ್ಮ ಸಹೋದ್ಯೋಗಿಗಳನ್ನು ವಿಚಾರಿಸಿದರೆ, ಆ ಪದಕ್ಕೆ ಒಪ್ಪಿಗೆ ಕೊಟ್ಟಿದ್ದ ಅವರಲ್ಲೇ ಒಬ್ಬರ ಮನಸ್ಸಿನಲ್ಲಿ 20ರಷ್ಟು, ಇನ್ನೊಬ್ಬರ ಮನಸ್ಸಿನಲ್ಲಿ 80ರಷ್ಟು ಇತ್ತು. ಒಟ್ಟಿಗೆ ಕೂತು ಬರೆದವರ ನಡುವೆಯೇ ಇಷ್ಟು ಅಂತರವಿದ್ದರೆ, ದೂರದಲ್ಲಿ ಕೂತು ಓದುವವರ ಪಾಡೇನು?

ಹಾಗೆಂದು ದಿನನಿತ್ಯದ ಪತ್ರದಲ್ಲಿ ಶೇಕಡಾವಾರು ಬರೆಯಿರಿ ಎನ್ನುವುದಿಲ್ಲ. ‘ಶೇ. 70 ಸಾಧ್ಯತೆ’ ಎಂದು ಬರೆಯಬೇಕಾದರೆ ಹಿಂದೆ ಎಣಿಸಿದ ಲೆಕ್ಕವಿರಬೇಕು, ಇಲ್ಲದಿದ್ದರೆ ಅದು ಇನ್ನೊಂದು ಬಗೆಯ ಅತಿಭರವಸೆ. ‘ಬಹುಶಃ’ ಎಂದಿರುವಲ್ಲಿ ಅನಿಶ್ಚಯದ ಕಾರಣವನ್ನು ಬರೆದರೆ ಸಾಕು. ‘ಬಹುಶಃ ಸೋಮವಾರ ಆಗುತ್ತದೆ’ ಎಂಬುದಕ್ಕಿಂತ ‘ಬಿಡಿಭಾಗ ಶನಿವಾರ ತಲುಪಿದರೆ ಸೋಮವಾರ ಆಗುತ್ತದೆ’ ಎಂಬುದರಿಂದ ಓದುಗರು ತಾವೇ ತೂಗಿ ನೋಡಬಲ್ಲರು.

ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ. ‘ನೋಡೋಣ’ ಎಂದವರ ಮಾತನ್ನು ಹೇಗೆ ದಾಖಲಿಸಲಿ?

ಇಲ್ಲಿ ಅಪಾಯ ಇಮ್ಮಡಿ, ಏಕೆಂದರೆ ನಡಾವಳಿಗೆ ಆಮೇಲೆ ಸಾಕ್ಷ್ಯದ ಬೆಲೆ ಬರುತ್ತದೆ. ‘ಮುಂದಿನ ತಿಂಗಳೊಳಗೆ ಆಗುತ್ತದಾ ನೋಡೋಣ’ ಎಂದು ಒಬ್ಬರು ಹೇಳಿದ್ದನ್ನು ನಡಾವಳಿಯ ಗಾಂಭೀರ್ಯಕ್ಕೆ ಹೊಂದಿಸಲು ಹೋಗಿ ‘ಮುಂದಿನ ತಿಂಗಳೊಳಗೆ ಪೂರ್ಣಗೊಳಿಸಲು ಒಪ್ಪಿದರು’ ಎಂದು ಬರೆಯುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಹೇಳಿದವರು ಒಪ್ಪಿಯೇ ಇರಲಿಲ್ಲ. ‘ಒಪ್ಪಿದರು’, ‘ಭರವಸೆ ನೀಡಿದರು’, ‘ತಿಳಿಸಿದರು’, ‘ಪರಿಶೀಲಿಸುವುದಾಗಿ ಹೇಳಿದರು’ ಇವು ಒಂದರ ಬದಲು ಇನ್ನೊಂದು ಬಳಸಬಹುದಾದ ಪದಗಳಲ್ಲ. ಒಂದೇ ಪದ ಮರುಕಳಿಸಿದರೆ ಬೇಸರವೆಂದು ಅವನ್ನು ಅದಲುಬದಲು ಮಾಡುವುದು ಕಥೆಗೆ ಸರಿ, ನಡಾವಳಿಗೆ ಸಲ್ಲದು. ಈ ಮಾತನ್ನು ‘ಮುಂದಿನ ತಿಂಗಳೊಳಗೆ ಪೂರ್ಣಗೊಳಿಸಲು ಸಾಧ್ಯವೇ ಎಂದು ಪರಿಶೀಲಿಸುವುದಾಗಿ ಹೇಳಿದರು, ಗಡುವು ನಿಶ್ಚಯವಾಗಿಲ್ಲ’ ಎಂದು ದಾಖಲಿಸಿ. ಸಾಧ್ಯವಾದರೆ ಸಭೆ ಮುಗಿಯುವ ಮುನ್ನವೇ ‘ಇದನ್ನು ಗಡುವೆಂದು ಬರೆಯಲೇ?’ ಎಂದು ಎಲ್ಲರೆದುರು ಕೇಳಿಬಿಡಿ.

‘ಹಿಂಜರಿಕೆಯ ಮಾತು ಬೇಡ, ಗಟ್ಟಿಯಾಗಿ ಬರೆಯಿರಿ’ ಎಂದು ಮೇಲಿನವರು ಒತ್ತಾಯಿಸುತ್ತಾರೆ. ಏನು ಮಾಡಲಿ?

ಅವರ ಬೇಡಿಕೆಯಲ್ಲಿ ಅರ್ಧ ನ್ಯಾಯವಿದೆ. ‘ಆದಷ್ಟು ಮಟ್ಟಿಗೆ ಸಾಧ್ಯವಾದರೆ ಪ್ರಯತ್ನಿಸಲು ನೋಡುತ್ತೇನೆ’ ಎಂಬಲ್ಲಿ ಒಂದೇ ಅನುಮಾನವನ್ನು ನಾಲ್ಕು ಸಲ ಹೇಳಲಾಗಿದೆ. ಮೂರನ್ನು ಧಾರಾಳವಾಗಿ ತೆಗೆಯಿರಿ. ಉಳಿದ ಒಂದನ್ನು ತೆಗೆಯಬೇಡಿ. ಅದರ ಬದಲು ಗಟ್ಟಿತನವನ್ನು ಸರಿಯಾದ ಜಾಗಕ್ಕೆ ಸಾಗಿಸಿ. ‘ದೋಷವನ್ನು ಸರಿಪಡಿಸಲು ಪ್ರಯತ್ನಿಸುತ್ತೇವೆ’ ಎಂಬುದನ್ನು ‘ಸರಿಪಡಿಸುತ್ತೇವೆ’ ಎಂದು ಮಾಡುವ ಬದಲು ‘ಇಂದು ದೋಷದ ಮೂಲ ಹುಡುಕಲು ಆರಂಭಿಸಿದ್ದೇವೆ; ಕಂಡುಬಂದದ್ದನ್ನು ನಾಳೆ ಸಂಜೆ 5ಕ್ಕೆ ತಿಳಿಸುತ್ತೇವೆ’ ಎಂದು ಬರೆಯಿರಿ. ಎರಡೂ ವಾಕ್ಯ ಗಟ್ಟಿಯಾಗಿವೆ, ಎರಡನ್ನೂ ನಡೆಸಿಕೊಡಬಹುದು. ಮೇಲಿನವರು ಇದನ್ನೂ ಒಪ್ಪದೆ ಫಲಿತಾಂಶದ ಮಾತೇ ಬೇಕೆಂದರೆ, ಅದು ಭಾಷೆಯ ಪ್ರಶ್ನೆಯಾಗಿ ಉಳಿದಿಲ್ಲ. ಕೆಲಸ ಮಾಡಬೇಕಾದವರನ್ನೂ ಅವರನ್ನೂ ಮುಖಾಮುಖಿ ಮಾಡಿಸಿ, ಅವರು ನಿಶ್ಚಯಿಸಿದ್ದನ್ನು ಬರೆಯಿರಿ.

ಒಪ್ಪಂದದಲ್ಲಿ ‘ಪ್ರಯತ್ನಿಸತಕ್ಕದ್ದು’ ಎಂದಿದ್ದರೆ ಅದು ಸುರಕ್ಷಿತ ಪದವಲ್ಲವೇ?

ಅಲ್ಲ. ಒಪ್ಪಂದದಲ್ಲಿ ಪ್ರಯತ್ನವೂ ಒಂದು ಹೊಣೆಯೇ. ಫಲಿತಾಂಶದ ಹೊಣೆ ಬೇರೆ, ಶ್ರಮದ ಹೊಣೆ ಬೇರೆ ಎಂಬ ವಿಂಗಡಣೆಯನ್ನು ಫ್ರೆಂಚ್ ನ್ಯಾಯಶಾಸ್ತ್ರಜ್ಞ ರೆನೆ ಡೆಮೋಗ್ 1920ರ ದಶಕದಲ್ಲಿ ಬೆಳೆಸಿದರು. ವೈದ್ಯರ ಉದಾಹರಣೆ ಹಳೆಯದು: ರೋಗ ವಾಸಿಯಾಗುತ್ತದೆಂಬ ಮಾತನ್ನು ಅವರು ಕೊಡುವುದಿಲ್ಲ, ತಕ್ಕ ಎಚ್ಚರಿಕೆಯಿಂದ ಚಿಕಿತ್ಸೆ ಮಾಡುವ ಮಾತನ್ನು ಕೊಡುತ್ತಾರೆ, ಆ ಎಚ್ಚರಿಕೆ ತಪ್ಪಿದರೆ ಹೊಣೆಗಾರರಾಗುತ್ತಾರೆ. ಅಂತರರಾಷ್ಟ್ರೀಯ ವಾಣಿಜ್ಯ ಒಪ್ಪಂದಗಳಿಗಾಗಿ ಯುನಿಡ್ರಾಯ್ಟ್ ಸಂಸ್ಥೆ ರೂಪಿಸಿದ ತತ್ವಗಳಲ್ಲೂ ಈ ಎರಡು ಬಗೆಗಳಿವೆ. ಶ್ರಮದ ಹೊಣೆ ಹೊತ್ತವರು, ಅದೇ ಸ್ಥಿತಿಯಲ್ಲಿ ಅದೇ ಬಗೆಯ ವಿವೇಕಿಯೊಬ್ಬರು ಮಾಡುವಷ್ಟು ಪ್ರಯತ್ನ ಮಾಡಬೇಕೆಂದು ಅವು ಹೇಳುತ್ತವೆ.

ಆದ್ದರಿಂದ ಒಪ್ಪಂದದ ಕರಡನ್ನು ತಿದ್ದುವಾಗ ‘ಪ್ರಯತ್ನ’ದ ಮುಂದೆ ‘ಸರ್ವಪ್ರಯತ್ನ’, ‘ಗರಿಷ್ಠ’, ‘ಸಕಲ’ ಎಂಬ ವಿಶೇಷಣಗಳನ್ನು ಅಂದಕ್ಕಾಗಿ ಸೇರಿಸಬೇಡಿ. ಎಷ್ಟು ಶ್ರಮ, ಎಷ್ಟು ಖರ್ಚು ಎಂಬ ಅಳತೆಯೇ ಅದರಿಂದ ಬದಲಾಗಬಹುದು. ಇದ್ದದ್ದನ್ನು ತೆಗೆಯುವುದೂ ಅಷ್ಟೇ ಅಪಾಯ. ಆ ಸಾಲುಗಳನ್ನು ಗುರುತು ಹಾಕಿ ವಕೀಲರಿಗೆ ಬಿಡಿ.

ತಿದ್ದಿ ಮುಗಿದ ಮೇಲೆ ಭರವಸೆ ಏರಿಲ್ಲವೆಂದು ಹೇಗೆ ಖಾತರಿ ಮಾಡಿಕೊಳ್ಳುವುದು?

ತಿದ್ದುವ ಮೊದಲೇ ಕರಡಿನ ಪ್ರತಿಯೊಂದು ಭರವಸೆಗೂ ಗೆರೆ ಎಳೆದು, ಬದಿಯಲ್ಲಿ ಚುಟುಕಾಗಿ ಬರೆದಿಡಿ: ಯಾರು, ಏನನ್ನು, ಯಾವಾಗ, ಏನಾದರೆ. ತಿದ್ದಿದ ಮೇಲೆ ಕರಡನ್ನು ಮುಚ್ಚಿಟ್ಟು ಹೊಸ ರೂಪದಿಂದ ಅದೇ ಪಟ್ಟಿಯನ್ನು ಮತ್ತೆ ಮಾಡಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ‘ಏನಾದರೆ’ ಎಂಬ ಜಾಗ ಖಾಲಿಯಾಗಿದ್ದರೆ ಷರತ್ತು ಬಿದ್ದುಹೋಗಿದೆ. ಹೊಸ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿದ್ದರೆ ಅದನ್ನು ನೀವು ಹುಟ್ಟಿಸಿದ್ದೀರಿ. ಎರಡು ಓದುಗಳ ನಡುವೆ ಸ್ವಲ್ಪ ಹೊತ್ತು ಬಿಡುವು ಕೊಡುವುದು ಒಳ್ಳೆಯದು. ಆಗ ತಾನೇ ತಿದ್ದಿದವರಿಗೆ ಕರಡಿನ ಅರ್ಥವೇ ಹೊಸ ವಾಕ್ಯದಲ್ಲೂ ಕಾಣುತ್ತಿರುತ್ತದೆ. ಕರಡನ್ನು ನೋಡಿರದ ಇನ್ನೊಬ್ಬರಿಗೆ ಕೊಟ್ಟು ‘ಇದರಲ್ಲಿ ಯಾರು ಏನು ಮಾಡುತ್ತಾರೆಂದು ಹೇಳಿದ್ದಾರೆ?’ ಎಂದು ಕೇಳಿದರೆ ಇನ್ನೂ ಚೆನ್ನ.

ಅತಿಯಾಗಿ ಭರವಸೆ ಕೊಟ್ಟ ಪತ್ರ ಆಗಲೇ ಹೋಗಿಬಿಟ್ಟಿದೆ. ಈಗ?

ಗಡುವು ಬರುವ ಮುಂಚೆಯೇ ಬರೆಯಿರಿ, ‘ಅಷ್ಟರಲ್ಲಿ ಕೆಲಸ ಆಗಿಬಿಟ್ಟರೆ ಬರೆಯುವ ಅಗತ್ಯವೇ ಬೀಳದು’ ಎಂದು ಕಾಯಬೇಡಿ. ಹಳೆಯ ವಾಕ್ಯವನ್ನು ಉಲ್ಲೇಖಿಸಿ ನೇರವಾಗಿ ಸರಿಪಡಿಸಿ: ‘ಶುಕ್ರವಾರ ಪೂರ್ಣ ಪ್ರತಿ ಕಳುಹಿಸುತ್ತೇವೆ ಎಂದು ನಿನ್ನೆ ಬರೆದಿದ್ದೆವು. ಅದು ಚಿತ್ರಗಳು ಗುರುವಾರ ಬಂದರೆ ಮಾತ್ರ ಸಾಧ್ಯ. ಬಾರದಿದ್ದರೆ ಶುಕ್ರವಾರ ಪಠ್ಯವಷ್ಟೇ ತಲುಪುತ್ತದೆ.’ ತಿದ್ದಿದವರು ಯಾರು, ಕರಡಿನಲ್ಲಿ ಏನಿತ್ತು ಎಂಬ ವಿವರಣೆ ಗ್ರಾಹಕರಿಗೆ ಬೇಡ. ‘ಸ್ವಲ್ಪ ಹೆಚ್ಚುಕಡಿಮೆ ಆಗಬಹುದು’ ಎಂಬ ಸುತ್ತುಮಾತಿನಿಂದ ಹಳೆಯ ಭರವಸೆ ರದ್ದಾಗುವುದಿಲ್ಲ. ಓದಿದವರ ದಿನಚರಿಯಲ್ಲಿ ಶುಕ್ರವಾರ ಹಾಗೆಯೇ ಉಳಿದಿರುತ್ತದೆ. ಹೊಸ ಪತ್ರ ಹೋಗುವ ಮುನ್ನ ಚಿತ್ರಕಾರರಿಗೂ ಒಂದು ಕರೆ ಮಾಡಿ, ಗುರುವಾರ ಬೆಳಿಗ್ಗೆ ಎಂಬುದು ಅವರು ಕೊಟ್ಟ ಮಾತೋ, ಅವರದೂ ‘ಪ್ರಯತ್ನಿಸುತ್ತೇನೆ’ಯೋ ಎಂದು ಕೇಳಿಕೊಳ್ಳಿ.